ತರ್ಜುಮೆಗಾರನ ಪರೀಕ್ಷೆಗೆ ಗೋಕಾಕಕ್ಕೆ ಹೋದದ್ದು

ಹುಕ್ಕೇರಿಯ ಮಾಮಲೇದಾರ ಕಚೇರಿಯ ಎದುರು ಒಂದು ಕಲ್ಲಿನ ಕಟ್ಟೆ ಇತ್ತು. ಅದರ ಮೇಲೆ ಕೂತು ನಾನು ಏಳು ವರ್ಷ ಅರ್ಜಿ ಬರೆದೆ. ಅದಕ್ಕೂ ಮುಂಚೆ ಅದೇ ಜಾಗದಲ್ಲಿ, ಅದೇ ಚಾಪೆಯ ಮೇಲೆ ನಮ್ಮ ತಂದೆ, ಅಬ್ಬಾ, ಕೂರುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದು ಅಕ್ಷರಗಳು ಒಂದರೊಳಗೊಂದು ಕಲೆಸಿಹೋಗಲು ಶುರುವಾದ ಮೇಲೆ ಚಾಪೆ, ಮಸಿಯ ದೌತಿ, ಮಡಿಸುವ ಮೇಜು ಮೂರೂ ನನ್ನ ಪಾಲಿಗೆ ಬಂದವು. ಅವುಗಳ ಜೊತೆಗೆ ಅಬ್ಬಾ ಕಲಿಸಿದ ವಿದ್ಯೆಯೂ ಬಂತು.

ಆ ವಿದ್ಯೆ ಏನೆಂದು ಹೇಳಿಬಿಡುತ್ತೇನೆ. ಅರ್ಜಿಗೆ ತಲೆ, ಹೊಟ್ಟೆ, ಕಾಲು ಎಂದು ಮೂರು ಭಾಗ. ತಲೆಯಲ್ಲಿ ಸಾಹೇಬರ ಹುದ್ದೆ, ಬಿರುದು. ಹೊಟ್ಟೆಯಲ್ಲಿ ಬಂದವನ ತಕರಾರು. ಕಾಲಿನಲ್ಲಿ ಮಾತ್ರ ಎಲ್ಲರದೂ ಒಂದೇ: ‘ನಾನು ಕಡುಬಡವನೂ ಮಕ್ಕಳೊಂದಿಗನೂ ಆಗಿದ್ದು, ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಾಗಿದ್ದು, ತಮ್ಮ ಪಾದವೇ ಗತಿಯೆಂದು ನಂಬಿದ್ದೇನೆ.’ ನಾಲ್ಕು ಜೋಡಿ ಎತ್ತಿನ ಗೌಡ ಬಂದರೂ ಕಡುಬಡವ. ಮೀಸೆ ಚಿಗುರದ ಹುಡುಗ ಬಂದರೂ ಮಕ್ಕಳೊಂದಿಗ. ಒಮ್ಮೆ ಒಬ್ಬ ಬ್ರಹ್ಮಚಾರಿ ಸ್ವಾಮಿಗಳಿಗೂ ನಾನು ಮಕ್ಕಳನ್ನು ಕೊಟ್ಟುಬಿಟ್ಟಿದ್ದೆ. ಅವರ ಶಿಷ್ಯ ಓದಿ ನೋಡಿದ್ದರಿಂದ ಕಾಗದ ಹರಿದು ಬೇರೆ ಬರೆಯಬೇಕಾಯಿತು. ‘ಓದಿದ ಸಾಹೇಬನ ಕಣ್ಣಾಗ ನೀರ ಬರಬೇಕು, ಇಲ್ಲಾಂದ್ರ ನಮ್ಮನ್ಯಾಕ ಹುಡಿಕ್ಕೊಂಡ ಬರ್ತಾರ?’ ಎನ್ನುತ್ತಿದ್ದರು ಅಬ್ಬಾ. ಮನೆಯಲ್ಲಿ ನಮ್ಮದು ಉರ್ದು. ಆದರೆ ಅರ್ಜಿಯ ಮಾತು ಬಂದರೆ ಅವರು ಊಟಕ್ಕೆ ಕೂತಾಗಲೂ ಕನ್ನಡಕ್ಕೆ ಹೊರಳುತ್ತಿದ್ದರು.

ಸಾಲಿಯಲ್ಲಿ ನಾನು ಕಲಿತದ್ದು ಮರಾಠಿ. ಮುಂಬಯಿ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದಾಗ ಕಟ್ಟೆಯ ಮೇಲಿನ ಅರ್ಜಿಗಾರರಲ್ಲಿ ಅರ್ಧ ಮಂದಿಗೆ ಕೈ ಕಟ್ಟಿದಂತಾಯಿತು. ಅಲ್ಲಿಯವರೆಗೆ ಮರಾಠಿಯಲ್ಲಿ ಓಡುತ್ತಿದ್ದ ಕಾಗದಗಳು ಕನ್ನಡದಲ್ಲಿ ಓಡಬೇಕಾದವು. ನನಗೆ ಹಟ ಜಾಸ್ತಿ. ಸಿಕ್ಕ ಕನ್ನಡ ಪುಸ್ತಕವನ್ನೆಲ್ಲ ಓದಿ, ವಾರಪತ್ರಿಕೆಗಳ ಭಾಷೆಯನ್ನು ಕದ್ದು, ಎರಡು ವರ್ಷದಲ್ಲಿ ಇಡೀ ತಾಲೂಕಿನಲ್ಲಿ ನನ್ನಂಥ ಕನ್ನಡ ಬರೆಯುವವನಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಸೊಕ್ಕು ಎಂದರೂ ಅಡ್ಡಿಯಿಲ್ಲ.

ಅರವತ್ತರ ದಶಕ ಶುರುವಾಗಿತ್ತು. ಒಂದು ದಿನ ಚಹಾದ ಅಂಗಡಿಗೆ ಬಂದ ಪತ್ರಿಕೆಯಲ್ಲಿ ಪ್ರಕಟಣೆ ಕಂಡೆ. ಹಿಡಕಲ್ಲಿನ ಅಣೆಕಟ್ಟಿನ ಕೆಲಸಕ್ಕೆ ಜಮೀನು ಹಿಡಿಯುವ, ಅಂದರೆ ಸರ್ಕಾರಕ್ಕೆ ವಶಪಡಿಸಿಕೊಳ್ಳುವ ಕಚೇರಿಯೊಂದಕ್ಕೆ ತರ್ಜುಮೆಗಾರ ಬೇಕು. ಒಂದೇ ಹುದ್ದೆ. ಇಂಗ್ಲಿಷ್, ಮರಾಠಿ, ಕನ್ನಡ ಬರಬೇಕು. ಬರವಣಿಗೆಯ ಪರೀಕ್ಷೆ ಮತ್ತು ಸಂದರ್ಶನ ಗೋಕಾಕದಲ್ಲಿ. ಕೆಳಗೆ ವಯಸ್ಸಿನ ಮಿತಿ. ನಾನು ಬೆರಳು ಮಡಿಚಿ ಎಣಿಸಿದೆ. ಆ ಮಿತಿ ದಾಟಲು ನನಗೆ ಉಳಿದದ್ದು ಎರಡೇ ತಿಂಗಳು. ಈ ಹುದ್ದೆ ತಪ್ಪಿದರೆ ಸರ್ಕಾರಿ ನೌಕರಿಯ ಬಾಗಿಲು ಜನ್ಮಕ್ಕೆ ಮುಚ್ಚಿದಂತೆ. ಆಮೇಲೆ ನನ್ನ ಕಣ್ಣಿಗೂ ಪೊರೆ ಬರುವ ತನಕ ಅದೇ ಕಟ್ಟೆ, ಅದೇ ಚಾಪೆ. ಅವತ್ತೇ ಅರ್ಜಿ ಹಾಕಿದೆ. ನನ್ನ ಸ್ವಂತ ಅರ್ಜಿಯಲ್ಲೂ ಕಾಲಿನ ಭಾಗಕ್ಕೆ ಬಂದಾಗ ಮದುವೆಯಾಗದ ನನ್ನ ಕೈ ‘ಮಕ್ಕಳೊಂದಿಗ’ ಎಂದು ಬರೆಯಲು ಹೊರಟಿತ್ತು, ತಡೆದುಕೊಂಡೆ.

ಕರೆಪತ್ರ ಬಂತು. ಪರೀಕ್ಷೆಯ ದಿನ ಮೊದಲನೆಯ ಬಸ್ಸಿಗೆ ಹೊರಟು, ಘಟಪ್ರಭಾದಲ್ಲಿ ಬಸ್ಸು ಬದಲಿಸಿ, ಹೊತ್ತಿಗೆ ಮುಂಚೆಯೇ ಗೋಕಾಕ ಸೇರಿದೆ. ಕಚೇರಿ ಎಂದರೆ ಬಾಡಿಗೆಗೆ ಹಿಡಿದ ಹಳೆಯ ಮನೆ. ಮುಂದೆ ಉದ್ದ ಪಡಸಾಲೆ. ಅಲ್ಲಿ ಕಂಬಕ್ಕೆ ಒರಗಿ ಒಬ್ಬ ಹೆಣ್ಣುಮಗಳು ಕೂತಿದ್ದರು. ವಯಸ್ಸು ಐವತ್ತರ ಆಸುಪಾಸು, ಹಣೆ ಬರಿದು, ಪಕ್ಕದಲ್ಲಿ ರೊಟ್ಟಿ ಕಟ್ಟಿದ ಅರಿವೆಯ ಗಂಟು. ನಾನು ಇಲ್ಲಿಯ ಕಾರಕೂನನಿರಬೇಕೆಂದು ತಿಳಿದು ಕೇಳಿದರು.

‘ಯಪ್ಪಾ, ನನ್ನ ಹೇಳಿಕಿ ಇವತ್ತರ ಓದಿ ಹೇಳ್ತಾರೇನ? ಮೂರನೇ ಸಲ ಬಂದೇನಿ ನೋಡ.’

‘ನಾನೂ ಹೊರಗಿನಾಂವ್ರಿ ಅವ್ವಾರ. ಪರೀಕ್ಷಾಕ ಬಂದೇನಿ’ ಎಂದೆ.

‘ಹಂಗಾದ್ರ ಪಾಸ್ ಆಗು. ಬರ್‍ಯಾವರ ಇಲ್ಲಂತ ನನ್ನ ಎರಡ ಸಲ ಹೊಳ್ಳಿ ಕಳಿಸ್ಯಾರ.’

ಅವರ ಹೊಲ ಹಿಡಕಲ್ಲಿನ ಹತ್ತಿರದ ಹಳ್ಳಿಯದು, ಅಣೆಕಟ್ಟಿನ ಒಡ್ಡಿಗೆ ಮಣ್ಣು ತೆಗೆಯಲು ಅದನ್ನು ಹಿಡಿದಿದ್ದರು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಆಗ ನಾನು ಬಾಯಿತುಂಬ ‘ಪಾಸ್ ಆಗ್ತೇನ್ರಿ’ ಎಂದು ಹೇಳಿ ಒಳಗೆ ಹೋದೆ.

ಒಳಗೆ ನಾವು ಏಳು ಜನ. ನನ್ನ ಬಾಜೂಕ್ಕೆ ಕೂತವರು ಮೂಡಲಗಿಯ ಕಡೆಯ ಒಬ್ಬ ಮಾಸ್ತರರು. ಬಿ.ಎ. ಮಾಡಿದವರು, ಮೆತ್ತನೆಯ ಮನುಷ್ಯ. ಕಾಯುತ್ತ ಕೂತಾಗ ನಾನು ವಯಸ್ಸಿನ ಮಿತಿಯ ಸಂಕಟವನ್ನು ಅವರ ಮುಂದೆ ತೋಡಿಕೊಂಡೆ. ಕೇಳಿ, ‘ನನಗ ಸಾಲಿ ಐತಿ. ಪಗಾರ ಸ್ವಲ್ಪ ಹೆಚ್ಚಂತ ಬಂದೇನಿ ಅಷ್ಟ’ ಎಂದರು. ಪರೀಕ್ಷೆ ಶುರುವಾಗುವ ಹೊತ್ತಿಗೆ ಸರಿಯಾಗಿ ನನ್ನ ಲೇಖನಿಯ ಮುಳ್ಳು ಮುರಿಯಿತು. ಮಾಸ್ತರರು ಜೇಬಿನಿಂದ ಎರಡನೆಯ ಪೆನ್ನು ತೆಗೆದು ನನ್ನ ಮುಂದಿಟ್ಟರು. ಸ್ಪರ್ಧೆಗೆ ಕೂತವನಿಗೆ ಆಯುಧ ಕೊಡುವ ಮನುಷ್ಯನನ್ನು ನಾನು ಕಟ್ಟೆಯ ಮೇಲೆ ಕಂಡಿರಲಿಲ್ಲ.

ಪರೀಕ್ಷೆ ನಡೆಸಿದವರು ಕಚೇರಿಯ ಅವಲ್ ಕಾರಕೂನರು, ಅಂದರೆ ಅಲ್ಲಿಯ ಹಿರಿಯ ಗುಮಾಸ್ತರು. ಹೆಸರು ಬರೆಯಬಾರದು, ಕೊಟ್ಟ ನಂಬರು ಮಾತ್ರ ಬರೆಯಬೇಕು ಎಂದರು. ಮೂರು ಪ್ರಶ್ನೆ. ಮೊದಲನೆಯದು ಸ್ವಂತ ಬರವಣಿಗೆ: ಜಮೀನು ಹೋಗುವ ಹಳ್ಳಿಗಳಲ್ಲಿ ಚಾವಡಿಯ ಗೋಡೆಗೆ ಹಚ್ಚಲು, ತಕರಾರು ಇದ್ದವರು ಏನು ಮಾಡಬೇಕು ಎಂಬುದನ್ನು ಒಂದೇ ಪುಟದಲ್ಲಿ ತಿಳಿಸಬೇಕು. ಎರಡನೆಯದು ಇಂಗ್ಲಿಷಿನಿಂದ ಕನ್ನಡಕ್ಕೆ: ಪ್ರಕಟಣೆಯಾದ ಮೂವತ್ತು ದಿನದೊಳಗೆ ಲಿಖಿತ ತಕರಾರು ಕೊಡಬಹುದು, ಕೊಟ್ಟವರ ಮಾತನ್ನು ಅಧಿಕಾರಿ ಕೇಳಲೇಬೇಕು ಎನ್ನುವ ಕಾಯಿದೆಯ ಕಲಮು. ಮೂರನೆಯದು ತಿದ್ದುವ ಕೆಲಸ. ಹೊಲ ಅಳೆಯುವ ಮೋಜಣಿದಾರರೊಬ್ಬರು ಹಳ್ಳಿಯಲ್ಲಿ ಅವಸರದಲ್ಲಿ ಬರೆದುಕೊಂಡ ಒಂದು ಹೇಳಿಕೆಯ ಕರಡು, ಅರ್ಧ ಮರಾಠಿ, ಅರ್ಧ ಕನ್ನಡ, ನಡುನಡುವೆ ಹೊಡೆದುಹಾಕಿದ ಸಾಲುಗಳು. ಅದನ್ನು ತಿದ್ದಿ ಒಪ್ಪ ಕನ್ನಡದಲ್ಲಿ ಶುದ್ಧಪ್ರತಿ ಮಾಡಬೇಕು. ‘ಅರ್ಥ ಬದಲಾಗತಕ್ಕದ್ದಲ್ಲ’ ಎಂದು ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ಅದನ್ನು ಓದಿದೆ. ಓದಿದ್ದು ಕಣ್ಣು ಮಾತ್ರ.

ಮೊದಲ ಎರಡನ್ನು ಚೆನ್ನಾಗಿಯೇ ಬರೆದೆ. ಕಾಯಿದೆಯ ಕಲಮಿನಲ್ಲಿ ‘ಆ ಜಮೀನಿನಲ್ಲಿ ಹಕ್ಕು-ಸಂಬಂಧ ಇರುವವರು’ ಎಂದು ಹಾಕಿದಾಗ ನನಗೇ ಖುಷಿಯಾಯಿತು. ಮೂರನೆಯದಕ್ಕೆ ಬಂದಾಗಲಂತೂ ಮನೆಯ ಅಂಗಳಕ್ಕೆ ಬಂದಂತಾಯಿತು. ಇಂಥ ಸಾವಿರ ಕರಡು ನನ್ನ ಕೈಯಲ್ಲಿ ಹಾದುಹೋಗಿದ್ದವು.

ಕರಡಿನಲ್ಲಿ ಇದ್ದದ್ದು ಇಷ್ಟು: ಗಂಡ ತೀರಿದ ಮೇಲೆ ಹೊಲವನ್ನು ನಾನೇ ಮಾಡುತ್ತೇನೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಮೈದುನನ ಹೊಲ. ಬಾವಿ ನಾವೇ ತೋಡಿಸಿದ್ದು, ಕಲ್ಲು ಕಟ್ಟಿದೆ. ಈಶಾನ್ಯ ಮೂಲೆಯಲ್ಲಿ ಬನ್ನಿಗಿಡದ ಬುಡಕ್ಕೆ ಐದು ಕಲ್ಲು ಇವೆ. ಅವನ್ನು ನನ್ನನ್ನು ಕೇಳದೆ ಯಾರೂ ಮುಟ್ಟಬಾರದು. ಅಗೆಯುವ ಮುಂಚೆ ಒಂದು ದಿನ ಹೇಳಿ ಕಳಿಸಿದರೆ ನಾನು ಬರುತ್ತೇನೆ.

ನಾನು ಹಂಸಪಾದ ಹಾಕಿ ಬಿಟ್ಟುಹೋದ ಪದ ಸೇರಿಸಿದೆ, ಮರಾಠಿ ಮಾತು ತೆಗೆದು ಕನ್ನಡ ಮಾಡಿದೆ, ಎಲ್ಲೆಕಟ್ಟುಗಳನ್ನು ಒಂದು ಸಾಲಿಗೆ ತಂದೆ. ಇಲ್ಲಿಯವರೆಗೆ ಎಲ್ಲ ಸರಿ. ಐದು ಕಲ್ಲಿನ ಮಾತಿಗೆ ಬಂದಾಗ ನನ್ನೊಳಗಿನ ಅರ್ಜಿಗಾರ ಎದ್ದು ಕೂತ. ಹೊಲಕ್ಕೆ, ಬಾವಿಗೆ, ಗಿಡಕ್ಕೆ ಬೆಲೆ ಉಂಟು. ಐದು ಕಲ್ಲಿಗೆ ಯಾರು ಏನು ಕೊಡುತ್ತಾರೆ? ಓದುವ ಸಾಹೇಬರಿಗೆ ಬೇಸರ. ಹೊಡೆದುಹಾಕಿದೆ. ಆ ಮೂರು ಸಾಲಿನ ಜಾಗ ಖಾಲಿ ಉಳಿಯಿತಲ್ಲ, ಅಲ್ಲಿ ಕೈ ತಾನಾಗಿಯೇ ಓಡಿತು: ‘ನಾನು ಕಡುಬಡವಳೂ ಮಕ್ಕಳೊಂದಿಗಳೂ ಆಗಿದ್ದು, ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಾಗಿದ್ದು...’ ಬರೆದು ಮುಗಿಸಿ ಒಮ್ಮೆ ಓದಿಕೊಂಡೆ. ಕಣ್ಣಲ್ಲಿ ನೀರು ಬರುವ ಹಾಗಿತ್ತು. ಮಾಸ್ತರರಿಗಿಂತ ಮುಂಚೆ ಎದ್ದು ಕಾಗದ ಕೊಟ್ಟು, ಹೊರಗೆ ಬಂದು ಚಹಾ ಕುಡಿದೆ.

ಊಟದ ಹೊತ್ತು ಕಳೆದ ಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. ಕಚೇರಿಯ ಸಾಹೇಬರು ಮೈಸೂರಿನ ಕಡೆಯವರು, ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಮರಾಠಿ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ನನ್ನನ್ನು ಹೆಚ್ಚು ಕೇಳಲಿಲ್ಲ. ಎಲ್ಲಿ ಕಲಿತಿರಿ, ಅರ್ಜಿ ಬರೆದು ಎಷ್ಟು ವರ್ಷವಾಯಿತು, ಅಷ್ಟೇ. ಕೊನೆಗೆ ಐದು ಜನರನ್ನು ಕಳಿಸಿಬಿಟ್ಟು ನನ್ನನ್ನೂ ಮೂಡಲಗಿಯ ಮಾಸ್ತರರನ್ನೂ ಒಟ್ಟಿಗೆ ಒಳಗೆ ಕರೆದರು. ಮೇಜಿನ ಮೇಲೆ ನಮ್ಮಿಬ್ಬರ ಮೂರನೆಯ ಉತ್ತರ ಇತ್ತು.

‘ನಿಮ್ಮಿಬ್ಬರದೂ ಉಳಿದವರಿಗಿಂತ ಚೆನ್ನಾಗಿದೆ’ ಎಂದರು ಸಾಹೇಬರು. ‘ಆದರೆ ಇದು ಪರೀಕ್ಷೆಗೆ ಅಂತ ನಾನು ಕಟ್ಟಿದ ಕರಡಲ್ಲ. ನಿಜವಾದ ಹೇಳಿಕೆ. ಹೇಳಿದವರು ಹೊರಗೆ ಕೂತಿದ್ದಾರೆ. ಈ ಕಚೇರಿಯಲ್ಲಿ ಶುದ್ಧಪ್ರತಿಯನ್ನು ಹೇಳಿದವರಿಗೆ ಓದಿ ಹೇಳದೆ ಹೆಬ್ಬೆಟ್ಟು ಹಾಕಿಸುವುದಿಲ್ಲ. ಆದ್ದರಿಂದ ಅವರೇ ಕೇಳಲಿ.’

ಅವಲ್ ಕಾರಕೂನರು ಹೋಗಿ ಪಡಸಾಲೆಯ ಆ ಹೆಣ್ಣುಮಗಳನ್ನು ಕರೆತಂದರು. ಸಾಹೇಬರು ಕುರ್ಚಿ ತೋರಿಸಿದರೂ ಅವರು ಗೋಡೆಯ ಪಕ್ಕ ನೆಲದ ಮೇಲೆಯೇ ಕೂತರು. ನನ್ನನ್ನು ಗುರುತಿಸಿ ಸಣ್ಣಗೆ ನಕ್ಕರು. ನಾನೂ ನಕ್ಕೆ.

ಮೊದಲು ಮಾಸ್ತರರ ಪ್ರತಿ. ಕಾರಕೂನರು ಗಟ್ಟಿಯಾಗಿ ಓದಿದರು. ‘ಸದರಿ ಭೂಮಿಯ ಈಶಾನ್ಯ ಕೋಣದಲ್ಲಿ ಶಮೀವೃಕ್ಷದ ಮೂಲದಲ್ಲಿ ಪಂಚಶಿಲೆಗಳಿದ್ದು...’ ಹೀಗೆ ಸಾಗಿತ್ತು. ಒಂದು ಮಾತನ್ನೂ ಅವರು ಬಿಟ್ಟಿರಲಿಲ್ಲ. ಹೆಣ್ಣುಮಗಳು ಪೂರ್ತಿ ಕೇಳಿ ಸಾಹೇಬರ ಮುಖ ನೋಡಿದರು.

‘ಇದ ಯಾವ ಊರ ಮಾತ್ರಿ ಸಾಹೇಬ್ರ? ನನಗ ಒಂದೂ ತಿಳೀಲಿಲ್ಲ ನೋಡ್ರಿ.’

ಮಾಸ್ತರರು ತಲೆ ತಗ್ಗಿಸಿದರು. ನನಗೆ ಒಳಗೊಳಗೇ ಹಿಗ್ಗು. ನೌಕರಿ ಸಿಕ್ಕಿತು ಎಂದುಕೊಂಡೆ. ಕಾರಕೂನರು ನನ್ನ ಪ್ರತಿ ಎತ್ತಿಕೊಂಡರು. ಹೊಲ, ಹಳ್ಳ, ಮೈದುನ, ಬಾವಿ ಎಲ್ಲಕ್ಕೂ ಆಕೆ ಗೋಣು ಹಾಕುತ್ತ ಹೋದರು. ‘ಮಕ್ಕಳೊಂದಿಗಳೂ ಆಗಿದ್ದು’ ಎಂಬಲ್ಲಿಗೆ ಬಂದಾಗ ಗೋಣು ನಿಂತಿತು. ಕಾರಕೂನರು ಕೊನೆಯ ಸಾಲು ಮುಗಿಸುವ ತನಕ ಆಕೆ ತಮ್ಮ ಕೈಯನ್ನೇ ನೋಡುತ್ತಿದ್ದರು.

‘ಇದು ನಂದಲ್ರಿ’ ಎಂದರು. ‘ಬ್ಯಾರೇದವರದ ಕಾಗದ ಅದು. ನನಗ ಮಕ್ಕಳಿಲ್ಲ.’

ಆಕೆಯೇ ಮುಂದುವರಿಸಿದರು. ‘ಒಂದ ಇತ್ತು. ನಡಿಯಾಕ ಕಲಿಯೂ ಮುಂದ ಹೋತು. ಆ ಬನ್ನಿಗಿಡದ ಬುಡಕ ಮಣ್ಣ ಮಾಡೇವಿ. ಕಲ್ಲ ನಾನ ಇಟ್ಟೇನಿ. ಅದನ್ನ ಬರಿಯಾಕ ಹೇಳಿದ್ನೆಲ್ಲ ಮೋಜಣಿ ಅಪ್ಪಗ. ಅದೆಲ್ಲಿ ಹೋತು?’

ಆಗ ನಾನು ಏನು ಮಾಡಬೇಕಿತ್ತು, ನೋಡಿ. ತಪ್ಪಾಯಿತು ಎನ್ನಬೇಕಿತ್ತು. ಆದರೆ ನನ್ನ ಸಿಟ್ಟು ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ. ‘ಅರ್ಜಿ ಅಂದ್ರ ಎಲ್ಲಾರೂ ಹಿಂಗ ಬರೀತಾರ್ರಿ ಸಾಹೇಬ್ರ. ಇದ ಪದ್ಧತಿ. ಅವರಿಗೆ ಚಲೋ ಆಗ್ಲಿ ಅಂತ ಬರದೇನಿ’ ಎಂದೆ.

ಸಾಹೇಬರು ದನಿ ಏರಿಸಲಿಲ್ಲ. ‘ಇದು ಅರ್ಜಿಯಲ್ಲ, ಹೇಳಿಕೆ. ಇದರ ಕೆಳಗೆ ಬೀಳೋದು ನಿಮ್ಮ ಸಹಿಯಲ್ಲ, ಅವರ ಹೆಬ್ಬೆಟ್ಟು. ನಾಳೆ ಯಾರಾದರೂ, ಈಕೆಗೆ ಮಕ್ಕಳೇ ಇಲ್ಲ, ಹೇಳಿದ್ದೆಲ್ಲ ಸುಳ್ಳು ಅಂದರೆ ಬಾವಿಯ ಮಾತೂ ಸುಳ್ಳಾಗುತ್ತೆ. ಆಗ ಇವರ ಪರವಾಗಿ ನೀವು ಬಂದು ನಿಲ್ತೀರಾ?’

ಏಳು ವರ್ಷ ಎಷ್ಟು ಮಂದಿಯ ಹೆಬ್ಬೆಟ್ಟಿನ ಮೇಲೆ ನಾನು ಇಲ್ಲದ ಮಕ್ಕಳನ್ನು ಕೂರಿಸಿದ್ದೆನೋ, ಒಬ್ಬರಿಗೂ ಓದಿ ಹೇಳಿರಲಿಲ್ಲ. ಎದುರಿಗೆ ಕೂತ ಆ ತಾಯಿಯ ಮುಖ ನೋಡಲು ಆಗಲಿಲ್ಲ. ಅವರು ಇಟ್ಟ ಕಲ್ಲನ್ನು ನಾನು ಒಂದು ಗೀಟಿನಲ್ಲಿ ಕಿತ್ತು ಬಿಸಾಕಿದ್ದೆ.

‘ತಪ್ಪಾತ್ರಿ ಅವ್ವಾರ’ ಎಂದೆ. ಸಾಹೇಬರಿಗಲ್ಲ, ಅವರಿಗೆ.

ಸಾಹೇಬರು ನಮ್ಮಿಬ್ಬರನ್ನೂ ನೋಡಿದರು. ‘ಒಬ್ಬರು ಎಲ್ಲವನ್ನೂ ಇಟ್ಟುಕೊಂಡಿದ್ದೀರಿ, ಅವರಿಗೆ ತಿಳಿಯಲ್ಲ. ಇನ್ನೊಬ್ಬರದು ತಿಳಿಯುತ್ತೆ, ಅವರದಲ್ಲ. ಹೊರಗೆ ಕೂತು ಇಬ್ಬರೂ ಮತ್ತೆ ಬರೀರಿ. ಅರ್ಧ ಗಂಟೆ.’

ಇಬ್ಬರೂ ಎಂಬ ಮಾತಿಗೆ ಹೆಣ್ಣುಮಗಳು ಒಪ್ಪಲಿಲ್ಲ. ‘ಒಬ್ರ ಬರೀರಿ. ಈ ಮಾತ ನಾ ಎರಡೆರಡ ಸಲ ಹೇಳಾಂಗಿಲ್ಲ’ ಎಂದು ಎದ್ದು ಪಡಸಾಲೆಗೆ ಹೋಗಿಬಿಟ್ಟರು.

ನಾನು ಹಿಂದೆ ಸರಿದು ನಿಂತೆ. ನ್ಯಾಯವಾಗಿ ಮಾಸ್ತರರ ಪಾಳಿ. ಅವರದು ಭಾಷೆಯ ತಪ್ಪು, ಅರ್ಧ ಗಂಟೆಯಲ್ಲಿ ತಿದ್ದುವಂಥದ್ದು. ಮೂಡಲಗಿಯವರಿಗೆ ನಮ್ಮ ಮಾತು ಬಾರದೆ ಏನು, ಪರೀಕ್ಷೆಯೆಂದು ಪುಸ್ತಕದ ಭಾಷೆ ಉಟ್ಟುಕೊಂಡು ಬಂದಿದ್ದರು ಅಷ್ಟೇ. ಅವರು ಕಾಗದ ಎತ್ತಿಕೊಂಡರು. ನನ್ನ ಕತೆ ಮುಗಿಯಿತು ಎಂದು ಚಪ್ಪಲಿ ಹುಡುಕತೊಡಗಿದೆ. ಮಾಸ್ತರರು ಬಂದು ಆ ಕಾಗದವನ್ನು ನನ್ನ ಕೈಗೆ ಹಿಡಿಸಿದರು.

‘ನೀವ ಬರೀರಿ. ನಿಮ್ಮ ತಪ್ಪ ದೊಡ್ಡದು, ನೀವ ತಿದ್ದಬೇಕು’ ಎಂದು ನಕ್ಕು, ‘ನನಗ ಸಾಲಿ ಐತಿ ಅಂತ ಹೇಳೇನೆಲ್ಲ’ ಎಂದರು. ಸಾಹೇಬರಿಗೆ ಒಂದು ನಮಸ್ಕಾರ ಹೇಳಿ ಹೊರಟೇಬಿಟ್ಟರು. ಅವರ ಪೆನ್ನು ನನ್ನ ಜೇಬಿನಲ್ಲಿಯೇ ಇತ್ತು. ಬೆನ್ನು ಹತ್ತಿ ಓಡಿದರೆ, ‘ಇರ್ಲಿ, ಬರದ ಆದಮ್ಯಾಲ ಪೋಸ್ಟಿಗೆ ಹಾಕ್ರಿ’ ಎಂದು ಕೈ ಬೀಸಿದರು. ಆ ಮನುಷ್ಯನ ಋಣವನ್ನು ನಾನು ಯಾವ ಭಾಷೆಯಲ್ಲಿ ತೀರಿಸಲಿ? ಮನೆಮಂದಿ ಮಾಡಿಯಾರು ಇಂಥದ್ದನ್ನು, ಬೆಳಗಿನ ಪರಿಚಯದವರು ಮಾಡುವುದಿಲ್ಲ.

ಪಡಸಾಲೆಯಲ್ಲಿ ಆಕೆಯ ಎದುರು ನೆಲದ ಮೇಲೆ ಕೂತೆ. ಕರಡು ಪಕ್ಕಕ್ಕಿಟ್ಟು, ‘ನೀವ ಹೇಳ್ರಿ, ನಾ ಬರೀತೇನಿ’ ಎಂದೆ. ಆಕೆ ಒಂದು ಸಾಲು ಹೇಳಿ ನಿಲ್ಲುತ್ತಿದ್ದರು. ನಾನು ಬರೆದು ಓದುತ್ತಿದ್ದೆ. ಅವರು ಹೂಂ ಎಂದ ಮೇಲೆ ಮುಂದಿನ ಸಾಲು. ಬಾವಿಯ ಬಗ್ಗೆ ‘ವಿಶಾಲವಾದ’ ಎಂದು ಒಂದು ಪದ ನುಸುಳಿತ್ತು. ‘ವಿಶಾಲ ಎಲ್ಲೈತಿ? ಸಣ್ಣ ಬಾಂವಿ ಅದು’ ಎಂದರು. ಹೊಡೆದು ಹಾಕಿದೆ. ಐದು ಕಲ್ಲಿನ ಮಾತಿಗೆ ಬಂದಾಗ ನನ್ನ ಕೈ ಮತ್ತೆ ತುರಿಸಿತು. ಹಳೆಯ ಚಾಳಿ ಅರ್ಧ ದಿನದಲ್ಲಿ ಬಿಡುತ್ತದೆಯೇ? ಈಗಂತೂ ನಿಜವಾದ ಕೂಸು, ನಿಜವಾದ ದುಃಖ. ನಾಲ್ಕು ಸಾಲು ಹಾಕಿದರೆ ಸಾಕು, ಸಾಹೇಬರು ಕಣ್ಣೊರೆಸಿಕೊಳ್ಳುತ್ತಾರೆ, ನೌಕರಿ ನನ್ನದು.

‘ಕೂಸಿಂದ ಬರೀಲೇನ್ರಿ ಅವ್ವಾರ?’ ಎಂದು ಮೆಲ್ಲಗೆ ಕೇಳಿದೆ.

‘ಬ್ಯಾಡ’ ಎಂದರು. ‘ಕಲ್ಲಿನ ಮಾತ ಅಷ್ಟ ಬರಿ. ಕೂಸಿನ ಮಾತ ಸರಕಾರಕ್ಯಾಕ? ಒಳಗ ಬಾಯಿಗಿ ಬಂತು, ಅಂದ್ನಿ. ಕಾಗದದ ಮ್ಯಾಲ ಬ್ಯಾಡ.’

ಪೆನ್ನು ಕಾಗದಕ್ಕೆ ಮುಟ್ಟಿಯೇ ಇತ್ತು. ಮಸಿ ಒಂದು ಚುಕ್ಕೆಯಾಗಿ ಹರಡಿತು. ನಾನು ಅವರು ಹೇಳಿದಷ್ಟನ್ನೇ ಬರೆದೆ: ‘ಐದು ಕಲ್ಲು ನಾನೇ ಇಟ್ಟವು. ನನ್ನನ್ನು ಕೇಳದೆ ಮುಟ್ಟಬಾರದು. ಅಗೆಯುವ ಮುಂಚೆ ಒಂದು ದಿನ ಹೇಳಿ ಕಳಿಸಿರಿ, ನಾನು ಬಂದು ನಾನೇ ತೆಗೆದುಕೊಳ್ಳುತ್ತೇನೆ.’ ಕಾಲಿನ ಭಾಗವಿಲ್ಲದ ಕಾಗದ ನನ್ನ ಕೈಯಿಂದ ಹೊರಟದ್ದು ಅದೇ ಮೊದಲು.

ಒಳಗೆ ಕಾರಕೂನರು ಅದನ್ನು ಓದಿದರು. ಆಕೆ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, ‘ಹೂಂ. ಈಗ ನಂದ ಆತು’ ಎಂದು ಮಸಿಗೆ ಹೆಬ್ಬೆರಳು ಒತ್ತಿದರು.

ಸಾಹೇಬರು ನನ್ನತ್ತ ತಿರುಗಿದರು. ‘ಮಗುವಿನ ವಿಷಯ ಹಾಕಲಿಲ್ಲವಲ್ಲ?’

‘ಬ್ಯಾಡ ಅಂದ್ರು ಸಾಹೇಬ್ರ.’

‘ಹೋಗಬಹುದು, ತಿಳಿಸುತ್ತೇವೆ’ ಎಂದರು ಸಾಹೇಬರು. ಆಕೆ ಬಸ್ಸಿನ ಹೊತ್ತಾಯಿತೆಂದು ಗಂಟು ಎತ್ತಿಕೊಂಡವರು ನಿಂತು, ಉಳಿದ ಒಂದು ರೊಟ್ಟಿಯನ್ನು ಶೇಂಗಾ ಹಿಂಡಿ ಹಚ್ಚಿ ನನ್ನ ಕೈಗಿಟ್ಟರು. ‘ಮುಂಜಾನಿಂದ ಏನೂ ತಿಂದಿಲ್ಲ ನೀ, ಮಾರಿ ಹೇಳತೈತಿ.’ ನಾನು ಮಾಡಿದ ತಪ್ಪಿಗೆ ಬೈಗುಳ ಸಿಗಬೇಕಿತ್ತು. ರೊಟ್ಟಿ ಸಿಕ್ಕಿತು. ಘಟಪ್ರಭಾದ ತನಕ ಬಸ್ಸಿನಲ್ಲಿ ಅದನ್ನು ತಿನ್ನುತ್ತ ಅತ್ತೆ, ಹೇಳಲು ನಾಚಿಕೆಯೇನೂ ಇಲ್ಲ.

ಮನೆಗೆ ಬಂದು ಅಬ್ಬಾ ಎದುರು ಎಲ್ಲವನ್ನೂ ಹೇಳಿದೆ. ನೌಕರಿ ಸಿಗುವುದಿಲ್ಲ ಎಂದೂ ಹೇಳಿದೆ. ಕಟ್ಟೆಯ ವಿದ್ಯೆಯನ್ನು ಜರಿದೆನೆಂದು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೊರೆ ಮುಚ್ಚಿದ ಕಣ್ಣನ್ನು ಬಾಗಿಲ ಬೆಳಕಿನ ಕಡೆ ತಿರುಗಿಸಿದರು.

‘ನಾ ಎಷ್ಟ ಬಂಜೆಯರಿಗೆ ಮಕ್ಕಳನ್ನ ಬರದ ಕೊಟ್ಟೇನೋ’ ಎಂದರು. ‘ಅವರ ಮುಂದ ಓದಿದ್ರ ಆಕೀ ಹಂಗ ಅವರೂ ಅಂತಿದ್ರು. ಓದಲೇ ಇಲ್ಲ ನಾ.’ ಆಮೇಲೆ ನನ್ನ ಕೈ ಹಿಡಿದುಕೊಂಡು, ‘ನಿನಗ ಲಗೂ ತಿಳೀತು, ಚಲೋ ಆತು’ ಎಂದರು. ಅವರು ನನ್ನ ಬಗ್ಗೆ ಒಳ್ಳೆಯ ಮಾತಾಡುವುದು ಅಪರೂಪವಾಗಿತ್ತು.

ಮರುದಿನದಿಂದ ಕಟ್ಟೆಯ ಮೇಲೆ ಬರೆದದ್ದನ್ನು ಓದಿ ಹೇಳತೊಡಗಿದೆ. ಗಿರಾಕಿಗಳು ಕಡಿಮೆಯಾದರು. ‘ಇಂವ ಅರ್ಜಿಗೆ ಉಪ್ಪು-ಖಾರ ಹಾಕಂಗಿಲ್ಲ’ ಎಂದು ಪಕ್ಕದ ಚಾಪೆಗೆ ಹೋದರು. ವಯಸ್ಸಿನ ಮಿತಿಯ ಆ ಎರಡು ತಿಂಗಳಲ್ಲಿ ಹನ್ನೊಂದು ದಿನ ಉಳಿದಾಗ ಅಂಚೆಯವನು ನೇಮಕದ ಹುಕುಂ ತಂದುಕೊಟ್ಟ. ಅಬ್ಬಾ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿ ನೋಡಿದರು. ಮೂಡಲಗಿಗೆ ಪೆನ್ನಿನ ಜೊತೆ ಒಂದು ಪುಡಿಕೆ ಕರದಂಟು ಕಳಿಸಿದೆ. ಮಾಸ್ತರರು ಕಾರ್ಡು ಬರೆದರು: ಕರದಂಟು ಮುಟ್ಟಿತು, ಪೆನ್ನು ನಿಮ್ಮ ಹತ್ತಿರವೇ ಇರಬೇಕಿತ್ತು.

ಕೆಲಸಕ್ಕೆ ಸೇರಿದ ದಿನ ಅವಲ್ ಕಾರಕೂನರು ಪರೀಕ್ಷೆಯ ಕಾಗದಗಳ ಕಟ್ಟನ್ನು ಕಪಾಟಿನಲ್ಲಿಡಲು ನನ್ನ ಕೈಗೇ ಕೊಟ್ಟರು. ಆಸೆ ತಡೆಯಲಾರದೆ ಬಿಚ್ಚಿದೆ. ಮಾಸ್ತರರ ಮೂರೂ ಉತ್ತರಕ್ಕೆ ಅಂಕ ಬಿದ್ದಿತ್ತು. ನನ್ನ ಮೊದಲೆರಡಕ್ಕೂ ಬಿದ್ದಿತ್ತು. ಮೂರನೆಯದರ ಮೇಲೆ ಕೆಂಪು ಮಸಿಯಲ್ಲಿ ಸೊನ್ನೆ. ಪಡಸಾಲೆಯಲ್ಲಿ ಬರೆದ ಪ್ರತಿ ಮಾತ್ರ ಆ ಕಟ್ಟಿನಲ್ಲಿ ಇರಲಿಲ್ಲ. ಎಲ್ಲಿ ಹೋಯಿತು ಎಂದು ಕೇಳಿದೆ.

‘ಅದ ಪರೀಕ್ಷಾದ ಕಾಗದ ಎಲ್ಲಿ ಉಳೀತು?’ ಎಂದು ಕಾರಕೂನರು ಬೇರೆ ಕಪಾಟಿನಿಂದ ಆಕೆಯ ಜಮೀನಿನ ಫೈಲು ತೆಗೆದು ತೋರಿಸಿದರು. ನನ್ನ ಕೈಬರಹ, ನನ್ನ ಮಸಿಯ ಚುಕ್ಕೆ, ಮೇಲೆ ನನ್ನ ಪರೀಕ್ಷೆಯ ನಂಬರನ್ನು ಹೊಡೆದು ಅಲ್ಲಿ ಹೊಲದ ಸರ್ವೆ ನಂಬರು ಹಾಕಿದ್ದರು. ಅಂಕ ಎಲ್ಲೂ ಇರಲಿಲ್ಲ. ಕೆಳಗೆ ಆಕೆಯ ಹೆಬ್ಬೆಟ್ಟು ಇತ್ತು. ಅದರ ಬದಿಯಲ್ಲಿ ಸಾಹೇಬರ ಷರಾ: ‘ಮಣ್ಣು ತೆಗೆಯುವ ಮುನ್ನ ಇವರಿಗೆ ಒಂದು ದಿನ ಮುಂಚಿತವಾಗಿ ಕನ್ನಡದಲ್ಲಿ ತಿಳಿಸತಕ್ಕದ್ದು. ತರ್ಜುಮೆಗಾರರು ಬರೆಯಲಿ.’

ನಾನು ಕೂತು ಬರೆದೆ. ಮೂರೇ ಸಾಲು. ಬರೆದು, ಎದ್ದು, ಬಾಗಿಲು ಮುಂದಕ್ಕೆಳೆದು, ಆ ತಾಯಿ ಎದುರಿಗೆ ಕೂತಿದ್ದಾರೆಂದುಕೊಂಡು ಗಟ್ಟಿಯಾಗಿ ಓದಿದೆ.